ನರವಿಜ್ಞಾನದಲ್ಲಿ ಪ್ರಾಣಿ ಪ್ರಯೋಗ: ಮೂರು ‘ಆರ್’ಗಳನ್ನು ಇಟ್ಟುಕೊಂಡು ಎರಡೂ ಕಡೆ ವಾದಿಸುವುದು ಹೇಗೆ?

ತುಂಗಾತೀರ

ಮನಃಶಾಸ್ತ್ರದಲ್ಲಿ ಎಂ.ಎಸ್‌ಸಿ. ಮೊದಲ ವರ್ಷದಲ್ಲಿದ್ದೇನೆ. ‘ನರವಿಜ್ಞಾನದಲ್ಲಿ ಪ್ರಾಣಿಗಳ ಬಳಕೆ ಸಮರ್ಥನೀಯವೇ? ಮೂರು ಆರ್ ತತ್ವಗಳ ನೆರವಿನಿಂದ ಎರಡೂ ಪಕ್ಷಗಳನ್ನು ಚರ್ಚಿಸಿ’ ಎಂಬ ಪ್ರಬಂಧ ಬರೆಯಬೇಕಿದೆ. ಮೊದಲರ್ಧದಲ್ಲಿ ಔಷಧಗಳಿಂದ ಆದ ಲಾಭ, ಉಳಿದರ್ಧದಲ್ಲಿ ಪ್ರಾಣಿಗಳ ನೋವು, ಕೊನೆಗೆ ಪ್ರಾಣಿಗೆ ಬದಲಿ ಹುಡುಕುವ ರಿಪ್ಲೇಸ್‌ಮೆಂಟ್, ಸಂಖ್ಯೆ ತಗ್ಗಿಸುವ ರಿಡಕ್ಷನ್, ನೋವು ತಗ್ಗಿಸುವ ರಿಫೈನ್‌ಮೆಂಟ್ ಅನುಸರಿಸಿದರೆ ಸಮಸ್ಯೆ ಬಗೆಹರಿಯುತ್ತದೆ ಎಂಬ ಒಂದು ಪ್ಯಾರಾ. ಹೀಗೆ ಬರೆದುಕೊಟ್ಟೆ. ಮೇಡಂ ಅಂಚಿನಲ್ಲಿ ‘ಇವು ಎರಡು ಪ್ರಬಂಧಗಳು. ಚರ್ಚೆ ಎಲ್ಲಿದೆ?’ ಎಂದು ಬರೆದು ಹಿಂದಿರುಗಿಸಿದರು. ಅವರು ಕೇಳುತ್ತಿರುವುದು ಏನು ಎಂದೇ ತಿಳಿಯುತ್ತಿಲ್ಲ. ದಾರಿ ತೋರಿಸುತ್ತೀರಾ?

ಬಯಲುಸೀಮೆ ರಾಜಣ್ಣ

ಪಿಯುಸಿಯಲ್ಲಿ ನಮ್ಮಿಂದ ಕಪ್ಪೆ ಕೊಯ್ಯಿಸುತ್ತಿದ್ದರು. ನಾನು ಒಂದು ವಾರ ಊಟ ಮಾಡಲಿಲ್ಲ. ಪುಸ್ತಕದಲ್ಲಿ ಚಿತ್ರವಿದ್ದ ಮೇಲೆ ಕಪ್ಪೆಯನ್ನು ಯಾಕೆ ಕೊಲ್ಲಬೇಕು? ಇಷ್ಟನ್ನೇ ಬರೆಯಿರಿ ತಂಗಿ, ಪೂರ್ತಿ ಅಂಕ ಬರುತ್ತದೆ.

ನರತಂತು

ರಾಜಣ್ಣನವರೇ, ಗೊತ್ತಿರುವ ಉತ್ತರವನ್ನು ವಿದ್ಯಾರ್ಥಿಗೆ ಮತ್ತೆ ತೋರಿಸುವುದಕ್ಕೆ ಕಪ್ಪೆ ಕೊಯ್ಯುತ್ತಿದ್ದರು. ಅಲ್ಲಿ ಚಿತ್ರವೋ ಪ್ಲಾಸ್ಟಿಕ್ ಮಾದರಿಯೋ ಸಾಕು, ಅದರ ಬಗ್ಗೆ ಹೆಚ್ಚು ಜಗಳವಿಲ್ಲ. ಇಲ್ಲಿನ ಪ್ರಶ್ನೆ ಉತ್ತರ ಯಾರಿಗೂ ಗೊತ್ತಿಲ್ಲದ ಸಂಶೋಧನೆಯದು.

ತುಂಗಾತೀರ, ನಾನು ಕೆಲವು ವರ್ಷ ಹೊರದೇಶದಲ್ಲಿ ಕೋತಿಗಳ ಮಿದುಳಿನ ಮೇಲೆ ಕೆಲಸ ಮಾಡುವ ಪ್ರಯೋಗಾಲಯದಲ್ಲಿದ್ದವನು. ನನ್ನ ಒಲವು ಯಾವ ಕಡೆ ಎಂಬುದನ್ನು ಮೊದಲೇ ತಿಳಿದುಕೊಂಡು ಮುಂದೆ ಓದಿ.

ನಿಮ್ಮ ಪ್ರಬಂಧದ ತೊಂದರೆ ಆ ಕೊನೆಯ ಪ್ಯಾರಾದಲ್ಲಿದೆ. ಮೂರು ಆರ್‌ಗಳನ್ನು 1959ರಲ್ಲಿ ಮುಂದಿಟ್ಟವರು ಇಂಗ್ಲೆಂಡಿನ ವಿಲಿಯಂ ರಸೆಲ್ ಮತ್ತು ರೆಕ್ಸ್ ಬರ್ಚ್. ಪ್ರಾಣಿ ಪ್ರಯೋಗ ಬೇಕೋ ಬೇಡವೋ ಎಂಬ ಪ್ರಶ್ನೆಗೆ ಅವರು ಉತ್ತರ ಹೇಳುತ್ತಿರಲಿಲ್ಲ. ಪ್ರಯೋಗ ನಡೆದೇ ನಡೆಯುತ್ತದೆ, ಅದನ್ನು ಹೆಚ್ಚು ಮಾನವೀಯವಾಗಿ ಮಾಡುವುದು ಹೇಗೆ ಎಂಬಲ್ಲಿಂದ ಅವರು ಹೊರಟರು. ಹಾಗಾಗಿ ‘ಸಮರ್ಥನೀಯವೇ?’ ಎಂಬ ಪ್ರಶ್ನೆಗೆ ‘ಮೂರು ಆರ್ ಪಾಲಿಸುತ್ತೇವೆ’ ಎಂದರೆ ಅದು ಉತ್ತರವಾಗುವುದಿಲ್ಲ, ಪ್ರಶ್ನೆಯನ್ನು ದಾಟಿಹೋದಂತಾಗುತ್ತದೆ.

ಬೇರೆ ದಾರಿ ಇದೆ. ಒಂದೇ ಒಂದು ನಿಜವಾದ ಸಂಶೋಧನೆಯನ್ನು ಆರಿಸಿಕೊಳ್ಳಿ. ಒಂದೊಂದು ಆರ್ ಅನ್ನೂ ಅದರ ಮುಂದಿಟ್ಟು ಪ್ರಶ್ನೆ ಕೇಳಿ. ಪ್ರತಿ ಪ್ರಶ್ನೆಗೂ ಪರ ಮತ್ತು ವಿರೋಧ ಎರಡೂ ಕಡೆಯವರು ಉತ್ತರಿಸಲಿ. ನಾನಾದರೆ ಪಾರ್ಕಿನ್ಸನ್ ಕಾಯಿಲೆಯ ಎಂಪಿಟಿಪಿ ಕೋತಿಗಳನ್ನು ಆರಿಸುತ್ತೇನೆ, ಏಕೆಂದರೆ ಅಲ್ಲಿ ಎರಡೂ ಕಡೆಯವರ ಕೈಯಲ್ಲಿ ಗಟ್ಟಿ ಸಾಕ್ಷ್ಯವಿದೆ.

ತುಂಗಾತೀರ

ಎಂಪಿಟಿಪಿ ಎಂಬ ಹೆಸರು ತರಗತಿಯಲ್ಲಿ ಕೇಳಿದ್ದೇನೆ, ಅಷ್ಟೇ. ಸ್ವಲ್ಪ ಬಿಡಿಸಿ ಹೇಳುತ್ತೀರಾ ಸರ್?

ನರತಂತು

1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕ ಯುವತಿಯರು ಇದ್ದಕ್ಕಿದ್ದಂತೆ ಮರಗಟ್ಟಿ ಹೋದರು. ಮಾತಿಲ್ಲ, ಚಲನೆಯಿಲ್ಲ, ನೋಡಿದರೆ ವರ್ಷಗಟ್ಟಲೆ ಪಾರ್ಕಿನ್ಸನ್ ಅನುಭವಿಸಿದ ವೃದ್ಧರಂತೆ. ಎಲ್ಲರೂ ಬೀದಿಯಲ್ಲಿ ಮಾರುತ್ತಿದ್ದ ಕೃತಕ ಹೆರಾಯಿನ್ ಚುಚ್ಚಿಕೊಂಡವರು. ವಿಲಿಯಂ ಲ್ಯಾಂಗ್‌ಸ್ಟನ್ ಎಂಬ ನರವೈದ್ಯರು ಬೆನ್ನುಹತ್ತಿ ಹುಡುಕಿದಾಗ, ಆ ಮಾದಕದ್ರವ್ಯ ತಯಾರಿಸುವಾಗ ಉಂಟಾದ ಕಲ್ಮಶವೇ ಕಾರಣವೆಂದು ಗೊತ್ತಾಯಿತು. ಅದೇ ಎಂಪಿಟಿಪಿ. ಮಿದುಳಿಗೆ ಹೋದ ಮೇಲೆ ಅದು ಇನ್ನೊಂದು ವಿಷವಾಗಿ ಮಾರ್ಪಟ್ಟು, ಚಲನೆಗೆ ಬೇಕಾದ ಡೋಪಮೈನ್ ಎಂಬ ರಾಸಾಯನಿಕವನ್ನು ತಯಾರಿಸುವ ನರಕೋಶಗಳ ಒಳಗೆ ಸೇರಿ ಅವುಗಳ ಶಕ್ತಿಯ ಮೂಲವನ್ನೇ ಕಟ್ಟಿಹಾಕುತ್ತದೆ.

ಇದಕ್ಕೆ ಕೆಲವು ವರ್ಷ ಮೊದಲೂ ಅಮೆರಿಕದಲ್ಲಿ ರಸಾಯನಶಾಸ್ತ್ರದ ಒಬ್ಬ ವಿದ್ಯಾರ್ಥಿ ಇಂಥದೇ ಪದಾರ್ಥವನ್ನು ಮನೆಯಲ್ಲಿ ತಯಾರಿಸಿ, ಚುಚ್ಚಿಕೊಂಡು, ಇದೇ ಸ್ಥಿತಿಗೆ ಬಂದಿದ್ದ. ಆಗ ಅದನ್ನು ಇಲಿಗಳಿಗೆ ಕೊಟ್ಟು ನೋಡಿದರು. ಇಲಿಗಳು ಸ್ವಲ್ಪ ಹೊತ್ತು ಮಂಕಾಗಿ ಮತ್ತೆ ಎದ್ದು ಓಡಾಡಿದವು. ಜಾಡು ಅಲ್ಲಿಗೇ ತಪ್ಪಿಹೋಯಿತು. 1983ರಲ್ಲಿ ಕೋತಿಗಳಿಗೆ ಕೊಟ್ಟಾಗ ಮಾತ್ರ ಮನುಷ್ಯರಲ್ಲಿ ಕಂಡದ್ದೇ ಕಂಡಿತು: ನಿಧಾನ ನಡೆ, ಬಿಗಿದ ಸ್ನಾಯು, ಬಾಗಿದ ಬೆನ್ನು.

ಈ ಒಂದು ಘಟನೆಯನ್ನೇ ಎರಡೂ ಕಡೆಯವರು ಎಳೆದುಕೊಳ್ಳಬಹುದು. ವಿರೋಧಿಗಳು ‘ಇಲಿ ಸುಳ್ಳು ಧೈರ್ಯ ಕೊಟ್ಟಿತು, ಸತ್ಯ ಹೇಳಿದ್ದು ರೋಗಿಗಳು’ ಎನ್ನುತ್ತಾರೆ. ಪರ ಇರುವವರು ‘ಸರಿಯಾದ ಪ್ರಾಣಿಯನ್ನು ಆರಿಸಿದ ಮೇಲೆಯೇ ಮುಂದಿನ ದಾರಿ ತೆರೆಯಿತು’ ಎನ್ನುತ್ತಾರೆ.

ಹುಬ್ಬಳ್ಳಿ ಮಾರ್ಗ

ಮುಂದಿನ ದಾರಿ ಎಂದರೆ ಮಿದುಳಿನ ಆಳಕ್ಕೆ ವಿದ್ಯುತ್ ಮಿಡಿತ ಕೊಡುವ ಡಿಬಿಎಸ್ ತಾನೇ? ನಮ್ಮ ತಂದೆಯವರಿಗೆ ಆ ಶಸ್ತ್ರಚಿಕಿತ್ಸೆ ಆಗಿದೆ. ಎದೆಯ ಚರ್ಮದ ಕೆಳಗೆ ಪುಟ್ಟ ಬ್ಯಾಟರಿ, ಅಲ್ಲಿಂದ ಮಿದುಳಿಗೆ ತಂತಿ. ಅದಕ್ಕೆ ಮೊದಲು ಅವರಿಗೆ ಅಂಗಿಯ ಗುಂಡಿ ಹಾಕಿಕೊಳ್ಳಲೂ ಆಗುತ್ತಿರಲಿಲ್ಲ. ಈಗ ತಾವೇ ತಟ್ಟೆ ಹಿಡಿದು ಊಟ ಮಾಡುತ್ತಾರೆ. ಮಾತು ಮಾತ್ರ ಮೊದಲಿಗಿಂತ ತೊದಲುತ್ತದೆ. ಅದು ಕೋತಿಗಳಿಂದ ಬಂದದ್ದೆಂದು ನನಗೆ ಯಾರೂ ಹೇಳಿರಲಿಲ್ಲ. ಓದುತ್ತಾ ಒಂದು ಥರ ಸಂಕಟವಾಯಿತು. ಆದರೂ ಬೇಡವಾಗಿತ್ತು ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ.

ಸರ್ಕ್ಯೂಟ್ ಶೆಟ್ಟಿ

ಡಿಬಿಎಸ್ ಕೋತಿಗಳಿಂದ ಬಂದದ್ದಲ್ಲ. ಗ್ರೆನೋಬಲ್‌ನ ಬೆನಾಬಿದ್ ಎಂಬ ಫ್ರೆಂಚ್ ಶಸ್ತ್ರವೈದ್ಯರು 1987ರಲ್ಲಿ ಮನುಷ್ಯರಲ್ಲೇ ಕಂಡುಹಿಡಿದರು. ನಡುಕವಿರುವ ರೋಗಿಯ ಮಿದುಳಿನ ಆಳದಲ್ಲಿರುವ ಥಲಾಮಸ್‌ನ ಒಂದು ಭಾಗವನ್ನು ಸುಡುವ ಮೊದಲು ಜಾಗ ಸರಿಯಿದೆಯೇ ಎಂದು ವಿದ್ಯುತ್ ಹರಿಸಿ ನೋಡುವ ಪದ್ಧತಿಯಿತ್ತು. ಸೆಕೆಂಡಿಗೆ ನೂರರಷ್ಟು ಮಿಡಿತ ಕೊಟ್ಟಾಗ ನಡುಕ ನಿಂತಿತು. ಒಂದು ಕೋತಿಯೂ ಬೇಕಾಗಲಿಲ್ಲ. ಅಂದ ಮೇಲೆ ಎಂಪಿಟಿಪಿ ಕೋತಿಗಳೆಲ್ಲ ವ್ಯರ್ಥವಾಗಿ ನರಳಿದವು ಎಂದೇ ಅರ್ಥ.

ನರತಂತು

ಶೆಟ್ಟರೇ, ಅರ್ಧ ಸರಿ. ವಿದ್ಯುತ್ ಮಿಡಿತ ಕೊಡುವ ತಂತ್ರ ಮನುಷ್ಯರಲ್ಲೇ ಸಿಕ್ಕಿತು. ಆದರೆ ಆಗ ತಂತಿ ಇಟ್ಟದ್ದು ಥಲಾಮಸ್‌ನಲ್ಲಿ. ಅದರಿಂದ ನಡುಕ ಹೋಗುತ್ತದೆಯೇ ಹೊರತು ಬಿಗಿತ, ನಿಧಾನಗತಿ ಹೋಗುವುದಿಲ್ಲ. ಹುಬ್ಬಳ್ಳಿ ಮಾರ್ಗದವರ ತಂದೆಯವರಿಗೆ ಗುಂಡಿ ಹಾಕಲು ಆಗದಂತೆ ಮಾಡಿದ್ದು ಹೆಚ್ಚಾಗಿ ಈ ಎರಡನೆಯದು.

ಇವತ್ತು ಹೆಚ್ಚಿನವರಿಗೆ ತಂತಿ ಇಡುವುದು ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ ಪುಟ್ಟ ಜಾಗದಲ್ಲಿ. ಆ ಜಾಗವನ್ನು ಮುಟ್ಟಲು ಶಸ್ತ್ರವೈದ್ಯರು ಹೆದರುತ್ತಿದ್ದರು. ಪಾರ್ಶ್ವವಾಯುವಿನಿಂದ ಅಲ್ಲಿ ಹಾನಿಯಾದವರ ಕೈಕಾಲು ಹಿಡಿತವಿಲ್ಲದೆ ಬೀಸಿ ಬೀಸಿ ಎಸೆದಂತಾಗುವುದನ್ನು ಅವರು ಕಂಡಿದ್ದರು. 1990ರಲ್ಲಿ ಬರ್ಗ್‌ಮನ್, ವಿಚ್‌ಮನ್ ಮತ್ತು ಡಿಲಾಂಗ್ ಪ್ರಕಟಿಸಿದ ಕೆಲಸದಲ್ಲಿ ಎಂಪಿಟಿಪಿ ಕೋತಿಗಳ ಇದೇ ಜಾಗವನ್ನು ನಿಷ್ಕ್ರಿಯಗೊಳಿಸಿದಾಗ ಬಿಗಿತ, ನಿಧಾನಗತಿ, ನಡುಕ ಮೂರೂ ಕಡಿಮೆಯಾದವು. ಕಾಯಿಲೆಯಲ್ಲಿ ಆ ಜಾಗದ ನರಕೋಶಗಳು ಅತಿಯಾಗಿ ಮಿಡಿಯುತ್ತವೆ ಎಂಬುದೂ ಎಂಪಿಟಿಪಿ ಕೋತಿಗಳಲ್ಲೇ ಗೊತ್ತಾಯಿತು. ಮರುವರ್ಷ ಇಂಗ್ಲೆಂಡಿನಲ್ಲಿ ಟಿಪು ಅಜೀಜ್ ಮತ್ತು ಸಂಗಡಿಗರ ಕೆಲಸವೂ ಅದನ್ನೇ ಹೇಳಿತು. ಬೆನಾಬಿದ್ ತಂಡ 1993ರಲ್ಲಿ ಆ ಜಾಗಕ್ಕೆ ತಂತಿ ಇಳಿಸಿತು. 2014ರ ಲಾಸ್ಕರ್ ಪ್ರಶಸ್ತಿಯನ್ನು ಡಿಲಾಂಗ್ ಮತ್ತು ಬೆನಾಬಿದ್ ಇಬ್ಬರಿಗೂ ಸೇರಿಸಿ ಕೊಟ್ಟದ್ದು ಇದಕ್ಕೇ.

ಹಸಿರುಗರಿ

ನಾನು ಪ್ರಾಣಿ ಹಕ್ಕುಗಳ ಪರ. ಇತಿಹಾಸದ ವಿವರಗಳನ್ನು ಒಪ್ಪುತ್ತೇನೆ, ಅದರಿಂದ ಹೊರಡಿಸಿದ ತೀರ್ಮಾನವನ್ನು ಒಪ್ಪುವುದಿಲ್ಲ. ಕೋತಿಗಳಿಲ್ಲದಿದ್ದರೆ ಆ ಜಾಗಕ್ಕೆ ಯಾರೂ ಹೋಗುತ್ತಲೇ ಇರಲಿಲ್ಲ ಎಂದು ಹೇಗೆ ಹೇಳುತ್ತೀರಿ? ವಿದ್ಯುತ್ ಮಿಡಿತವನ್ನು ಬೇಕೆಂದಾಗ ನಿಲ್ಲಿಸಬಹುದು, ಸುಟ್ಟ ಗಾಯದಂತೆ ಶಾಶ್ವತವಲ್ಲ. ಆ ತಂತ್ರ ಕೈಯಲ್ಲಿದ್ದವರು ಎಚ್ಚರಿಕೆಯಿಂದ, ಒಪ್ಪಿಗೆ ಕೊಟ್ಟ ರೋಗಿಗಳಲ್ಲೇ ಹುಡುಕಬಹುದಿತ್ತು, ಕೆಲವು ವರ್ಷ ತಡವಾಗಿ.

ಇನ್ನೊಂದು ಮಾತು. ಕೋತಿಯ ಮಿದುಳು ನಮ್ಮದನ್ನು ಹೋಲುತ್ತದೆ, ಆದ್ದರಿಂದ ಫಲಿತಾಂಶ ನಂಬಬಹುದು ಎನ್ನುತ್ತೀರಿ. ಅಷ್ಟೊಂದು ಹೋಲುವ ಮಿದುಳಿಗೆ ಭಯ, ಒಂಟಿತನ, ಯಾತನೆಯೂ ನಮ್ಮಂತೆಯೇ ಆಗುತ್ತದಲ್ಲ? ನರವಿಜ್ಞಾನದಲ್ಲಿ ಈ ಇಕ್ಕಟ್ಟು ಬೇರೆಲ್ಲಕ್ಕಿಂತ ತೀವ್ರ. ಯಕೃತ್ತಿನ ಔಷಧ ಪರೀಕ್ಷಿಸುವವರಿಗೆ ಪ್ರಾಣಿಯ ಮನಸ್ಸು ಬೇಕಾಗಿಲ್ಲ, ನಿಮಗೆ ಬೇಕಾಗಿರುವುದೇ ಅದು.

ನರತಂತು

ನಿಮ್ಮ ಎರಡನೆಯ ಮಾತಿಗೆ ನನ್ನ ಬಳಿ ತೃಪ್ತಿಕರ ಉತ್ತರವಿಲ್ಲ. ತುಂಗಾತೀರ, ವಿರೋಧ ಪಕ್ಷದ ಅತಿ ಗಟ್ಟಿ ವಾದ ಇದೇ, ಬಿಡಬೇಡಿ.

ಮೊದಲನೆಯದನ್ನು ಒಪ್ಪುವುದಿಲ್ಲ. ರೋಗಿಗಳಲ್ಲೇ ಹುಡುಕುವುದೆಂದರೆ, ಹಾನಿಯಾಗುತ್ತದೆಂದು ಎಲ್ಲರೂ ನಂಬಿದ್ದ ಜಾಗಕ್ಕೆ ಎಲೆಕ್ಟ್ರೋಡ್ ಇಳಿಸಲು ಯಾರಾದರೂ ಒಪ್ಪಿಗೆ ಕೊಡಬೇಕಿತ್ತು. ತಲೆಯೊಳಗೆ ರಕ್ತಸ್ರಾವವಾಗುವ ಅಪಾಯ ಬೇರೆ. ಆಗ ಯಾವ ನೈತಿಕ ಸಮಿತಿ ಅದಕ್ಕೆ ಒಪ್ಪುತ್ತಿತ್ತು?

ಹಸಿರುಗರಿ

ಆ ಅಪಾಯವನ್ನು ಒಪ್ಪಿಗೆ ಕೊಡಲಾರದ ಜೀವಕ್ಕೆ ವರ್ಗಾಯಿಸಿದ್ದನ್ನೇ ನಾನು ಹೇಳುತ್ತಿರುವುದು.

ನಿವೃತ್ತ ಫಾರ್ಮಾ ಮೇಷ್ಟ್ರು

ಪಾರ್ಕಿನ್ಸನ್ ಎಂದ ಮೇಲೆ ನಮ್ಮ ಸರ್ಪಗಂಧಿಯನ್ನು ಮರೆಯಬೇಡಿ. ಅದರಿಂದ ತೆಗೆದ ರಿಸರ್ಪಿನ್ ಕೊಟ್ಟು ಸ್ವೀಡನ್ನಿನ ಕಾರ್ಲ್‌ಸನ್ 1957ರಲ್ಲಿ ಮೊಲಗಳನ್ನು ನಿಶ್ಚಲಗೊಳಿಸಿದರು, ಆಮೇಲೆ ದೇಹದಲ್ಲಿ ಡೋಪಮೈನ್ ಆಗಿ ಮಾರ್ಪಡುವ ಎಲ್-ಡೋಪಾ ಕೊಟ್ಟು ಎಬ್ಬಿಸಿದರು. ಇಂದಿಗೂ ರೋಗಿಗಳು ನುಂಗುವ ಮಾತ್ರೆಯ ಮೂಲ ಅದು. ಪರ ಪಕ್ಷಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೇ?

ನರತಂತು

ಉದಾಹರಣೆ ಬಹಳ ಒಳ್ಳೆಯದು ಮೇಷ್ಟ್ರೇ. ಈ ಪ್ರಬಂಧಕ್ಕೆ ಒಂದು ಸಾಲು ಸಾಕು ಎನಿಸುತ್ತದೆ, ಏಕೆಂದರೆ ಮೂರು ಆರ್‌ಗಳು ಬಂದದ್ದೇ ಅದಕ್ಕಿಂತ ಎರಡು ವರ್ಷ ತಡವಾಗಿ. ಎಂಪಿಟಿಪಿ ಕೆಲಸ ನಡೆಯುವ ಹೊತ್ತಿಗೆ ಆ ತತ್ವಗಳು ಎಲ್ಲರಿಗೂ ಗೊತ್ತಿದ್ದವು. ಅದರ ಮೇಲೆ ಪರೀಕ್ಷೆ ಹಚ್ಚುವುದು ನ್ಯಾಯ.

ತುಂಗಾತೀರ

ಹಾಗಾದರೆ ಒಂದೊಂದು ಆರ್ ಅನ್ನು ಹಚ್ಚಿ ನೋಡೋಣವೇ? ರಿಪ್ಲೇಸ್‌ಮೆಂಟ್ ಬಗ್ಗೆ ‘ಕೋತಿಯ ಬದಲು ಕಂಪ್ಯೂಟರ್ ಮಾದರಿ ಮತ್ತು ಪ್ರಯೋಗಾಲಯದಲ್ಲಿ ಬೆಳೆಸಿದ ನರಕೋಶ ಬಳಸಬಹುದು’ ಎಂದು ಬರೆದಿದ್ದೆ.

ಸರ್ಕ್ಯೂಟ್ ಶೆಟ್ಟಿ

ಅದು ಸರಿಯಾಗಿಯೇ ಇದೆ. ಮನುಷ್ಯರ ಚರ್ಮದ ಕೋಶದಿಂದಲೇ ಡೋಪಮೈನ್ ನರಕೋಶ ಬೆಳೆಸುತ್ತಾರೆ ಈಗ.

ನರತಂತು

ಯಾವ ಪ್ರಶ್ನೆಗೆ ಬದಲಿ ಎಂದು ಕೇಳದೆ ಹೌದು, ಇಲ್ಲ ಎನ್ನಬೇಡಿ. ‘ಈ ವಿಷ ನರಕೋಶವನ್ನು ಹೇಗೆ ಕೊಲ್ಲುತ್ತದೆ?’ ಎಂಬ ಪ್ರಶ್ನೆಗೆ ತಟ್ಟೆಯಲ್ಲಿ ಬೆಳೆಸಿದ ಮಾನವ ನರಕೋಶ ಸಾಕು, ಬಹುಶಃ ಇಲಿಗಿಂತ ಮೇಲು. ‘ಸತ್ತ ರೋಗಿಯ ಮಿದುಳಿನಲ್ಲಿ ಏನು ಕಡಿಮೆಯಾಗಿದೆ?’ ಎಂಬುದಕ್ಕೆ ದಾನವಾಗಿ ಬಂದ ಮಿದುಳು ಬೇಕು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅಂಥ ಮಿದುಳು ಬ್ಯಾಂಕ್ ಇದೆ. ಮೊಲಗಳ ಸುದ್ದಿ ಬಂದಿತಲ್ಲ, ರೋಗಿಗಳಲ್ಲಿ ಡೋಪಮೈನ್ ಕೊರತೆಯಿದೆ ಎಂದು ಖಚಿತವಾದದ್ದು 1960ರಲ್ಲಿ ವಿಯೆನ್ನಾದ ಹಾರ್ನಿಕೀವಿಚ್ ಮೃತರ ಮಿದುಳನ್ನು ಪರೀಕ್ಷಿಸಿದ ಮೇಲೆ. ಆದರೆ ‘ಈ ಜಾಗವನ್ನು ಅಡಗಿಸಿದರೆ ನಡಿಗೆ ಸುಧಾರಿಸುತ್ತದೆಯೇ?’ ಎಂಬ ಪ್ರಶ್ನೆಗೆ ನಡೆಯುವ ದೇಹ ಬೇಕು. ತಟ್ಟೆಯ ಕೋಶಗಳಿಗೆ ಕಾಲಿಲ್ಲ. ಕಂಪ್ಯೂಟರ್ ಮಾದರಿಗೆ ಆ ನರಜಾಲದ ಸಂಪರ್ಕ, ಮಿಡಿತದ ಅಳತೆಗಳನ್ನು ಮೊದಲು ಯಾವುದಾದರೂ ಜೀವಂತ ಮಿದುಳಿನಿಂದಲೇ ತಂದು ಕೊಡಬೇಕು.

ವಿರೋಧ ಪಕ್ಷ ಇಲ್ಲಿ ಕೇಳಬೇಕಾದದ್ದು ಬೇರೆ. ಇವತ್ತು ಒಂದು ಲಕ್ಷಕ್ಕೂ ಹೆಚ್ಚು ಜನರ ಮಿದುಳಿನಲ್ಲಿ ಡಿಬಿಎಸ್ ತಂತಿಗಳಿವೆ. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ರೋಗಿಗಳು ಒಪ್ಪಿದರೆ ಅವರ ನರಕೋಶಗಳ ಮಿಡಿತವನ್ನೇ ದಾಖಲಿಸಬಹುದು. 1990ರಲ್ಲಿ ಇಲ್ಲದ ಈ ಅವಕಾಶ ಇರುವಾಗ, ಅದೇ ಪ್ರಶ್ನೆಗೆ ಇಂದು ಹೊಸ ಕೋತಿಗಳು ಬೇಕೇ? ಆಗ ಸಮರ್ಥನೀಯವಾಗಿದ್ದದ್ದು ಈಗಲೂ ಹಾಗೆಯೇ ಇರಬೇಕಿಲ್ಲ.

ಗೋಶಾಲೆ ಡಾಕ್ಟರ್

ನಾನು ಪಶುವೈದ್ಯ. ಒಂದು ಸಂಸ್ಥೆಯ ಪ್ರಾಣಿ ನೈತಿಕ ಸಮಿತಿಯಲ್ಲಿ ಕುಳಿತವನು. ನಮ್ಮಲ್ಲಿ ಅರ್ಜಿ ಬಂದಾಗ ವಿಜ್ಞಾನಿಗಳ ಜೊತೆ ಪಶುವೈದ್ಯ, ವಿಜ್ಞಾನಿಯಲ್ಲದ ಒಬ್ಬ ಸದಸ್ಯ, ಪ್ರಾಣಿ ಪ್ರಯೋಗಗಳ ಮೇಲ್ವಿಚಾರಣೆ ನಡೆಸುವ ಕೇಂದ್ರದ ಸಮಿತಿ ಸಿಸಿಎಸ್‌ಇಎ ನೇಮಿಸಿದ ಪ್ರತಿನಿಧಿ ಎಲ್ಲರೂ ಕುಳಿತು ನೋಡುತ್ತಾರೆ. ಕೋತಿ, ನಾಯಿಯಂಥ ದೊಡ್ಡ ಪ್ರಾಣಿಗಳಾದರೆ ಅರ್ಜಿ ಕೇಂದ್ರಕ್ಕೇ ಹೋಗಬೇಕು.

ರಿಡಕ್ಷನ್ ಬಗ್ಗೆ ಅನುಭವದ ಮಾತು ಹೇಳುತ್ತೇನೆ. ಅರ್ಜಿಯಲ್ಲಿ ಇಷ್ಟೇ ಪ್ರಾಣಿ ಯಾಕೆ ಎಂಬುದಕ್ಕೆ ಕಾರಣ ಕೊಡಬೇಕು. ಬಹಳ ಜನ ‘ಹಿಂದಿನವರೂ ಆರು ಇಲಿ ಬಳಸಿದ್ದಾರೆ’ ಎಂದು ಬರೆಯುತ್ತಾರೆ. ಸಮಿತಿಯಲ್ಲಿ ಯಾರಾದರೂ ‘ಐದಕ್ಕೆ ಇಳಿಸಿ’ ಎನ್ನುತ್ತಾರೆ. ಎಲ್ಲರಿಗೂ ಪುಣ್ಯ ಬಂದಂತಾಗುತ್ತದೆ. ಆ ಐದು ಇಲಿಗಳಿಂದ ಏನಾದರೂ ತಿಳಿಯುತ್ತದೆಯೇ ಎಂದು ಕೇಳುವವರು ಕಡಿಮೆ.

ನರತಂತು

ಡಾಕ್ಟರೇ, ಇದಕ್ಕೊಂದು ಲೆಕ್ಕ ಹಾಕಿ ತೋರಿಸುತ್ತೇನೆ. ಔಷಧ ಕೊಟ್ಟ ಇಲಿಗಳು ಒಂದು ಗುಂಪು, ಕೊಡದವು ಇನ್ನೊಂದು. ಎರಡು ಗುಂಪುಗಳ ಸರಾಸರಿಗಳ ನಡುವಿನ ಅಂತರ, ಇಲಿಯಿಂದ ಇಲಿಗೆ ಸಹಜವಾಗಿ ಇರುವ ಏರಿಳಿತದ, ಅಂದರೆ ಮಾನಕ ವಿಚಲನೆಯ, ಅರ್ಧದಷ್ಟಿದೆ ಎಂದುಕೊಳ್ಳಿ. ನಿಜವಾಗಿಯೂ ಇರುವ ಆ ಅಂತರ ಹತ್ತರಲ್ಲಿ ಎಂಟು ಸಲವಾದರೂ ಕಣ್ಣಿಗೆ ಬೀಳಬೇಕಾದರೆ ಗುಂಪಿಗೆ 64 ಇಲಿಗಳು ಬೇಕು. ಗುಂಪಿಗೆ 10 ಇಟ್ಟರೆ ಅದು ಕಾಣುವುದು ಹತ್ತರಲ್ಲಿ ಎರಡು ಸಲಕ್ಕಿಂತ ಕಡಿಮೆ. ಅಂದರೆ ಆ 20 ಇಲಿಗಳು ಬಹುಮಟ್ಟಿಗೆ ಸುಮ್ಮನೆ ಸತ್ತವು. ಅಂತರ ಅದರ ಎರಡರಷ್ಟಿದ್ದರೆ ಗುಂಪಿಗೆ 17 ಸಾಕು.

2013ರಲ್ಲಿ ಬಟನ್ ಮತ್ತು ಸಂಗಡಿಗರು ನರವಿಜ್ಞಾನದ ಪ್ರಬಂಧಗಳನ್ನು ಹೀಗೆಯೇ ತೂಗಿ ನೋಡಿದರು. ಇಲಿಗಳ ನೆನಪನ್ನು ಪರೀಕ್ಷಿಸುವ ನೀರಿನ ತೊಟ್ಟಿಯ ಪ್ರಯೋಗಗಳಲ್ಲಿ ಸರಾಸರಿ 22 ಪ್ರಾಣಿಗಳನ್ನು ಬಳಸಿದ್ದರು, ಬೇಕಾಗಿದ್ದದ್ದು 134. ಆದ್ದರಿಂದ ರಿಡಕ್ಷನ್ ಎಂದರೆ ಒಂದು ಪ್ರಯೋಗದಲ್ಲಿ ಪ್ರಾಣಿಗಳನ್ನು ಕಡಿಮೆ ಮಾಡುವುದಲ್ಲ. ಒಂದು ಪ್ರಶ್ನೆ ಇತ್ಯರ್ಥವಾಗಲು ಒಟ್ಟು ಎಷ್ಟು ಪ್ರಾಣಿ ಖರ್ಚಾಯಿತು ಎಂಬುದು ಮುಖ್ಯ. 64 ಇಲಿಗಳ ಗುಂಪಿಗೆ ಸಮಿತಿ ಒಪ್ಪಬೇಕಾದ ಸಂದರ್ಭವೂ ಇದೆ, ಪ್ರಯೋಗವನ್ನೇ ಕೈಬಿಡಿ ಎನ್ನಬೇಕಾದ ಸಂದರ್ಭವೂ ಇದೆ. ಇಲಿಗಳಿಗೆ ಕೆಟ್ಟದ್ದು ಇವೆರಡರ ನಡುವಿನ ರಾಜಿ.

ತುಂಗಾತೀರ

ಹಾಗಾದರೆ ಕೆಲವೇ ಕೋತಿಗಳ ಪ್ರಯೋಗವೂ ವ್ಯರ್ಥವೇ ಸರ್?

ನರತಂತು

ಒಳ್ಳೆಯ ಪ್ರಶ್ನೆ. ಅಲ್ಲಿ ಪ್ರತಿ ಕೋತಿಯನ್ನೂ ಅದರದೇ ಹಿಂದಿನ ಸ್ಥಿತಿಯೊಂದಿಗೆ ಹೋಲಿಸುತ್ತಾರೆ, ಪರಿಣಾಮವೂ ಕಣ್ಣಿಗೆ ಕಾಣುವಷ್ಟು ದೊಡ್ಡದು. ಮರಗಟ್ಟಿದ ಕೋತಿ ಕೈ ಚಾಚಿತು ಎಂಬುದಕ್ಕೆ 64 ಬೇಕಿಲ್ಲ. ಸಂಖ್ಯೆ ಕಡಿಮೆಯಿದ್ದರೂ ಸಾಕಾಗುವುದು ಇಂಥ ಕಡೆ. ಆದರೆ ಅದಕ್ಕೆ ಬೆಲೆಯಿದೆ: ಒಂದೇ ಕೋತಿ ವರ್ಷಗಟ್ಟಲೆ ಪ್ರಯೋಗದಲ್ಲಿರುತ್ತದೆ.

ಹಸಿರುಗರಿ

ನೋಡಿ, ಮೂರು ಆರ್‌ಗಳು ಒಂದನ್ನೊಂದು ಕಚ್ಚುವುದು ಇಲ್ಲಿಯೇ. ಹತ್ತು ಕೋತಿಗಳಿಗೆ ಒಂದೊಂದು ತಿಂಗಳ ಸಂಕಟವೋ, ಎರಡು ಕೋತಿಗಳಿಗೆ ಐದೈದು ವರ್ಷದ್ದೋ? ರಿಡಕ್ಷನ್ ಎರಡನೆಯದನ್ನು ಮೆಚ್ಚುತ್ತದೆ, ರಿಫೈನ್‌ಮೆಂಟ್ ಮೊದಲನೆಯದನ್ನು. ಆ ಎರಡು ಕೋತಿಗಳ ಕಡೆಯಿಂದ ನೋಡಿದರೆ ‘ನಾವು ಕಡಿಮೆ ಪ್ರಾಣಿ ಬಳಸಿದೆವು’ ಎಂಬುದಕ್ಕೆ ಏನು ಅರ್ಥ?

ಗೋಶಾಲೆ ಡಾಕ್ಟರ್

ಒಪ್ಪುತ್ತೇನೆ. ಯುರೋಪಿನ 2010ರ ನಿರ್ದೇಶನದಲ್ಲಿ ಪ್ರಾಣಿಯನ್ನು ಮರುಬಳಸುವುದಕ್ಕೆ ಮಿತಿಗಳಿರುವುದು ಅದಕ್ಕೇ. ಅದು ಜೀವಮಾನದಲ್ಲಿ ಅನುಭವಿಸಿದ್ದನ್ನೆಲ್ಲ ಗಣನೆಗೆ ತೆಗೆದುಕೊಳ್ಳಬೇಕು.

ರಿಫೈನ್‌ಮೆಂಟ್ ಬಗ್ಗೆ ಮಾತ್ರ ಲಘುವಾಗಿ ಮಾತಾಡಬೇಡಿ. ಎಂಪಿಟಿಪಿಯನ್ನು ರಕ್ತನಾಳದ ಮೂಲಕ ಇಡೀ ದೇಹಕ್ಕೆ ಕೊಟ್ಟರೆ ಕೋತಿಗೆ ತಿನ್ನಲೂ ಆಗುವುದಿಲ್ಲ, ಕೈಯಾರೆ ಉಣಿಸಬೇಕು. ಕುತ್ತಿಗೆಯ ಒಂದು ಬದಿಯ ಕ್ಯಾರೋಟಿಡ್ ಧಮನಿಗೆ ಮಾತ್ರ ಕೊಟ್ಟರೆ ಮಿದುಳಿನ ಒಂದೇ ಪಕ್ಕ ಕೆಡುತ್ತದೆ. ಇನ್ನೊಂದು ಕೈಯಿಂದ ಅದು ತಾನೇ ತಿನ್ನುತ್ತದೆ, ಮೈ ಕೆರೆದುಕೊಳ್ಳುತ್ತದೆ. ಒಳ್ಳೆಯ ಕೈ ಹೋಲಿಕೆಗೂ ಒದಗುತ್ತದೆ. ಈ ವಿಧಾನ 1980ರ ದಶಕದಲ್ಲೇ ಬಂತು.

ಇಲಿಗಳದೂ ಹಾಗೆಯೇ. ಬಾಲ ಹಿಡಿದು ಎತ್ತುವ ಬದಲು ಕೊಳವೆಯೊಳಗೆ ಬರಮಾಡಿಕೊಂಡು ಎತ್ತಿದರೆ ಅವುಗಳ ಆತಂಕ ಕಡಿಮೆಯಾಗುತ್ತದೆ ಎಂದು 2010ರಲ್ಲಿ ಹರ್ಸ್ಟ್ ಮತ್ತು ವೆಸ್ಟ್ ತೋರಿಸಿದರು. ಹೆದರಿದ ಇಲಿಯಿಂದ ಸಿಕ್ಕ ನಡವಳಿಕೆಯ ಅಂಕಿಅಂಶ ಹೆದರಿಕೆಯ ಅಂಕಿಅಂಶವೇ ಹೊರತು ಕಾಯಿಲೆಯದಲ್ಲ.

ಹಸಿರುಗರಿ

ಅರ್ಧ ಮಿದುಳು ಕೆಡಿಸಿದ್ದನ್ನು ಸುಧಾರಣೆ ಎನ್ನಬೇಕಾಗಿ ಬರುವ ಕ್ಷೇತ್ರದ ಬಗ್ಗೆ ಪ್ರಬಂಧದಲ್ಲಿ ಒಂದು ಸಾಲಾದರೂ ಇರಲಿ.

ಗೋಶಾಲೆ ಡಾಕ್ಟರ್

ಇರಲಿ. ಅದರ ಪಕ್ಕದಲ್ಲೇ ಆ ಪ್ರಾಣಿಗೆ ತಾನೇ ತಿನ್ನಲಾದದ್ದರಿಂದ ಆದ ವ್ಯತ್ಯಾಸವೂ ಇರಲಿ. ಪಂಜರದ ಮುಂದೆ ನಿಂತು ನೋಡಿದವನಿಗೆ ಅದು ಸಣ್ಣದಲ್ಲ.

ಸರ್ಕ್ಯೂಟ್ ಶೆಟ್ಟಿ

ಡಿಬಿಎಸ್ ವಿಷಯದಲ್ಲಿ ನನ್ನ ಮಾತು ಹಿಂತೆಗೆದುಕೊಳ್ಳುತ್ತೇನೆ. ಆದರೆ ನೀವೆಲ್ಲ ಗೆದ್ದ ಕಥೆಯನ್ನೇ ಹೇಳುತ್ತಿದ್ದೀರಿ. ಸೋತವೆಷ್ಟು?

ನರತಂತು

ಸೋತವು ಬಹಳ. ಪ್ರಬಂಧದಲ್ಲಿ ಒಂದಾದರೂ ಇರಲೇಬೇಕು. ನರಕೋಶಗಳನ್ನು ಪೋಷಿಸುವ ಜಿಡಿಎನ್‌ಎಫ್ ಎಂಬ ಪ್ರೋಟೀನನ್ನು ಎಂಪಿಟಿಪಿ ಕೋತಿಗಳ ಮಿದುಳಿಗೆ ಹರಿಸಿದಾಗ ಅವು ಗಮನಾರ್ಹವಾಗಿ ಚೇತರಿಸಿಕೊಂಡವು. ಆಮೇಲೆ 34 ರೋಗಿಗಳಲ್ಲಿ, ಯಾರಿಗೆ ನಿಜವಾದ ಔಷಧ ಎಂದು ತಿಳಿಸದೆ ಆರು ತಿಂಗಳು ಪರೀಕ್ಷಿಸಿದರು. 2006ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಹುಸಿ ಔಷಧಕ್ಕಿಂತ ಹೆಚ್ಚಿನ ಉಪಯೋಗ ಕಾಣಲಿಲ್ಲ.

ಕಾರಣ ಊಹಿಸಬಹುದು. ಎಂಪಿಟಿಪಿ ಕೆಲವೇ ದಿನಗಳಲ್ಲಿ ಕೋಶಗಳನ್ನು ಕೊಲ್ಲುತ್ತದೆ, ಪಾರ್ಕಿನ್ಸನ್ ವರ್ಷಗಟ್ಟಲೆ ತೆವಳುತ್ತದೆ. ರೋಗಿಗಳ ನರಕೋಶಗಳಲ್ಲಿ ಶೇಖರವಾಗುವ ಪ್ರೋಟೀನ್ ಉಂಡೆಗಳು ಎಂಪಿಟಿಪಿ ಕೋತಿಗಳಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಹಾಗಾಗಿ ‘ಡೋಪಮೈನ್ ಹೋದ ಮೇಲೆ ನರಜಾಲ ಹೇಗೆ ವರ್ತಿಸುತ್ತದೆ?’ ಎಂಬುದಕ್ಕೆ ಈ ಕೋತಿ ನಂಬಿಕಸ್ಥ ಸಾಕ್ಷಿ, ‘ಕಾಯಿಲೆ ಬೆಳೆಯುವುದನ್ನು ತಡೆಯುವುದು ಹೇಗೆ?’ ಎಂಬುದಕ್ಕೆ ಅಲ್ಲ. ಒಂದೇ ಪ್ರಾಣಿ, ಎರಡು ಪ್ರಶ್ನೆ, ಎರಡು ಬೇರೆ ಉತ್ತರ. ನಿಮ್ಮ ಮೇಡಂ ಹುಡುಕುತ್ತಿರುವ ಚರ್ಚೆ ಇಲ್ಲಿದೆ ಎಂದು ನನ್ನ ಅನಿಸಿಕೆ.

ಈ ಕಥೆಗೆ ಇನ್ನೊಂದು ಬಾಲವಿದೆ. ಆ ಔಷಧ ತಯಾರಿಸುತ್ತಿದ್ದ ಕಂಪನಿ 2004ರಲ್ಲಿ ಚಿಕಿತ್ಸೆಯನ್ನು ನಿಲ್ಲಿಸುವಾಗ ಕೊಟ್ಟ ಕಾರಣಗಳಲ್ಲಿ ಒಂದು, ಅತಿ ಹೆಚ್ಚು ಪ್ರಮಾಣ ಪಡೆದ ಕೆಲವು ಕೋತಿಗಳ ಮಿದುಳಿನ ಹಿಂಭಾಗದ ಸೆರೆಬೆಲ್ಲಮ್‌ನಲ್ಲಿ ಕಂಡ ಹಾನಿ. ಉಪಯೋಗದ ವಿಷಯದಲ್ಲಿ ದಾರಿ ತಪ್ಪಿಸಿದ ಪ್ರಾಣಿಯೇ ಅಪಾಯದ ವಿಷಯದಲ್ಲಿ ಎಚ್ಚರಿಸಿತೋ, ಅಥವಾ ರೋಗಿಗಳಿಗೆ ಆಗದಿದ್ದ ಅಪಾಯವನ್ನು ತೋರಿಸಿ ಹೆದರಿಸಿತೋ? ನಮ್ಮ ಕ್ಷೇತ್ರದಲ್ಲೇ ಇದರ ಬಗ್ಗೆ ಒಮ್ಮತವಿಲ್ಲ.

ಹುಬ್ಬಳ್ಳಿ ಮಾರ್ಗ

ಆ ಪರೀಕ್ಷೆಯಲ್ಲಿದ್ದ ರೋಗಿಗಳು ಔಷಧ ನಿಲ್ಲಿಸಿದಾಗ ಏನೆಂದರು?

ನರತಂತು

ಕೆಲವರು ತಮಗೆ ಉಪಯೋಗವಾಗುತ್ತಿದೆ, ನಿಲ್ಲಿಸಬೇಡಿ ಎಂದು ನ್ಯಾಯಾಲಯದವರೆಗೂ ಹೋದರು. ಗೆಲ್ಲಲಿಲ್ಲ.

ತುಂಗಾತೀರ

ಹೊಸ ಕರಡಿನಲ್ಲಿ ಭಾಗಗಳನ್ನು ಪರ, ವಿರೋಧ ಎಂದು ಒಡೆಯುತ್ತಿಲ್ಲ, ಪ್ರಶ್ನೆಗಳ ಮೇಲೆ ಒಡೆಯುತ್ತಿದ್ದೇನೆ. ನರಜಾಲದ ಪ್ರಶ್ನೆಗೆ 1990ರ ಕೋತಿಗಳು, ಕಾಯಿಲೆ ತಡೆಯುವ ಪ್ರಶ್ನೆಗೆ ಜಿಡಿಎನ್‌ಎಫ್. ಎರಡಕ್ಕೂ ಮೂರು ಆರ್‌ಗಳನ್ನು ಹಚ್ಚುತ್ತೇನೆ. ರಿಡಕ್ಷನ್ ಕಡೆ 64 ಇಲಿಗಳ ಲೆಕ್ಕವನ್ನೂ, ಎರಡು ಆರ್‌ಗಳು ಪರಸ್ಪರ ಎದುರಾಗುವುದನ್ನೂ ಸೇರಿಸಿದ್ದೇನೆ. ಹಸಿರುಗರಿಯವರ ಹೋಲಿಕೆಯ ವಾದ ಮಾತ್ರ ಯಾವ ಆರ್ ಕೆಳಗೂ ಕೂರುತ್ತಿಲ್ಲ.

ಹಸಿರುಗರಿ

ಕೂರುವುದಿಲ್ಲ, ಕೂರಿಸಲೂ ಬೇಡಿ. ಅದನ್ನು ಮೊದಲ ಪುಟದಲ್ಲಿ, ಮೂರು ಆರ್‌ಗಳಿಗೂ ಮೊದಲು ಇಡಿ.

ನರತಂತು

ನಾನಾದರೆ ಕೊನೆಗೆ ಇಡುತ್ತೇನೆ, ಮೂರನ್ನೂ ಪೂರ್ತಿ ಪಾಲಿಸಿದ ಮೇಲೂ ಉಳಿಯುವ ಪ್ರಶ್ನೆಯಾಗಿ. ಮೊದಲೇ ಇಟ್ಟರೆ ಉಳಿದದ್ದನ್ನು ಯಾರೂ ತೆರೆದ ಮನಸ್ಸಿನಿಂದ ಓದುವುದಿಲ್ಲ.

ಹಸಿರುಗರಿ

ಕೊನೆಗೆ ಇಟ್ಟರೆ ಅಷ್ಟರೊಳಗೆ ಓದುಗರು ಒಪ್ಪಿಯಾಗಿರುತ್ತದೆ. ಅದೇ ನಿಮಗೆ ಬೇಕು.

ಬಯಲುಸೀಮೆ ರಾಜಣ್ಣ

ಕಪ್ಪೆಯ ವಿಷಯ ಎಲ್ಲಿಯೂ ಬರುವುದಿಲ್ಲವೇ?

ತುಂಗಾತೀರ

ರಿಪ್ಲೇಸ್‌ಮೆಂಟ್ ಭಾಗದ ಆರಂಭದಲ್ಲಿ ಒಂದು ಸಾಲಿದೆ ಅಣ್ಣ, ಬದಲಿ ಸುಲಭವಾಗಿ ಸಿಗುವ ಕಡೆ ಯಾವುದು ಎಂದು ತೋರಿಸಲು. ಹೋಲಿಕೆಯ ವಾದವನ್ನು ಎಲ್ಲಿಡಬೇಕೆಂದು ಮೇಡಂ ಅವರನ್ನೇ ಕೇಳುತ್ತೇನೆ. ಸೋಮವಾರ ಸಲ್ಲಿಸಬೇಕು.